ತಿಂಡಿ ಏಳು, ಅಕ್ಕಿ ಒಂದೇ

ಸೋಮವಾರ ಚಿತ್ರಾನ್ನ, ಮಂಗಳವಾರ ಇಡ್ಲಿ, ಬುಧವಾರ ಟೊಮೆಟೊ ಬಾತ್, ಗುರುವಾರ ಅವಲಕ್ಕಿ, ಶುಕ್ರವಾರ ಪುಳಿಯೋಗರೆ, ಶನಿವಾರ ಉಪ್ಪಿಟ್ಟು, ಭಾನುವಾರ ಪೂರಿ-ಸಾಗು. ನಮ್ಮ ರಾಜ್ಯದ ಯಾವುದೇ ಕಾಲೇಜು ಹಾಸ್ಟೆಲಿನ ಮೆಸ್ಸಿಗೆ ಹೋದರೂ ಗೋಡೆಯ ಮೇಲೆ ಇಂಥದೊಂದು ಪಟ್ಟಿ ತೂಗುತ್ತಿರುತ್ತದೆ. ‘ದಿನಾ ಅದೇ ಊಟ’ ಎಂದು ಹುಡುಗರು ಗೊಣಗುತ್ತಾರೆ. ‘ಏಳು ದಿನಕ್ಕೆ ಏಳು ಐಟಂ ಹಾಕೀನಿ, ಅದೇ ಅಂದ್ರೆ ಹೆಂಗ್ರಿ?’ ಎಂದು ಮೆಸ್ ಗುತ್ತಿಗೆದಾರರು ಕೇಳುತ್ತಾರೆ. ಇಬ್ಬರದ್ದೂ ನಿಜವೇ. ಪಟ್ಟಿಯಲ್ಲಿ ಹೆಸರು ಏಳಿವೆ. ಆದರೆ ಐದು ದಿನ ತಟ್ಟೆಗೆ ಬೀಳುವುದು ಅಕ್ಕಿ, ಉಳಿದೆರಡು ದಿನ ಗೋಧಿ. ಇಡ್ಲಿಯಲ್ಲಿ ಒಂದಿಷ್ಟು ಉದ್ದು, ಅವಲಕ್ಕಿಯಲ್ಲಿ ನಾಲ್ಕು ಶೇಂಗಾ ಬಿಟ್ಟರೆ ಬೇಳೆಕಾಳಿನ ಸುಳಿವಿಲ್ಲ. ಆಮೇಲೆ ಮಧ್ಯಾಹ್ನ ಅನ್ನ-ಸಾಂಬಾರು, ರಾತ್ರಿ ಅನ್ನ-ಸಾರು.

ಇಂಥ ಹಾಸ್ಟೆಲುಗಳ ವಿದ್ಯಾರ್ಥಿ ಸಮಿತಿ ಗುತ್ತಿಗೆದಾರರಿಗೆ ಪತ್ರ ಬರೆಯುವುದು ಹೊಸದೇನಲ್ಲ. ಸೆಮಿಸ್ಟರಿಗೊಮ್ಮೆಯಾದರೂ ಬರೆಯುತ್ತಾರೆ. ಬಹುಪಾಲು ಪತ್ರಗಳು ‘ಊಟದ ಗುಣಮಟ್ಟ ಕುಸಿದಿದೆ, ಮೆನು ಬದಲಿಸಬೇಕು, ಇಲ್ಲದಿದ್ದರೆ ಮೆಸ್ ಬಹಿಷ್ಕರಿಸುತ್ತೇವೆ’ ಎಂಬ ಧಾಟಿಯವು. ಫಲವೂ ಗೊತ್ತಿರುವಂಥದ್ದೇ: ಎರಡು ವಾರ ಗೋಬಿ ಮಂಚೂರಿ, ಒಂದು ದಿನ ಜಾಮೂನು, ಮೂರನೇ ವಾರಕ್ಕೆ ಮತ್ತೆ ಚಿತ್ರಾನ್ನ. ಕೇಳಿದ್ದು ಬದಲಾವಣೆ, ಸಿಕ್ಕಿದ್ದು ಬದಲಾವಣೆ. ತಟ್ಟೆಯಲ್ಲಿ ನಿಜಕ್ಕೂ ಏನು ಕಡಿಮೆ ಇದೆ, ಅದನ್ನು ಇದೇ ದರದಲ್ಲಿ ಹೇಗೆ ತುಂಬಬಹುದು ಎಂಬ ಲೆಕ್ಕ ಪತ್ರದಲ್ಲಿ ಇರಲೇ ಇಲ್ಲ. ಗುತ್ತಿಗೆದಾರರಿಗೆ ಅರ್ಥವಾಗುವುದು ಕಿಲೋ ಮತ್ತು ರೂಪಾಯಿ. ಅವರ ಪತ್ರವನ್ನು ಆ ಭಾಷೆಯಲ್ಲೇ ಬರೆಯಬೇಕು.

ಲೆಕ್ಕಕ್ಕೆಂದು ಒಂದು ಹಾಸ್ಟೆಲ್ ಕಲ್ಪಿಸಿಕೊಳ್ಳೋಣ. ದಾವಣಗೆರೆ ಕಡೆಯ ಇಂಜಿನಿಯರಿಂಗ್ ಕಾಲೇಜಿನದು, 200 ಹುಡುಗರು, ಸಸ್ಯಾಹಾರಿ ಮೆಸ್, ದಿನಕ್ಕೆ ತಲೆಗೆ ಇಂತಿಷ್ಟು ಎಂಬ ಗುತ್ತಿಗೆ.

ಮೊದಲು ಸಮಿತಿಯವರು ಅಡುಗೆಮನೆಯ ದಾಸ್ತಾನು ಪುಸ್ತಕ ನೋಡಬೇಕು. ವಾರ್ಡನ್ ಮೂಲಕ ಕೇಳಿದರೆ ಅದು ಸಿಗದ ವಸ್ತುವೇನಲ್ಲ. ಒಂದು ವಾರದಲ್ಲಿ ಎಷ್ಟು ಅಕ್ಕಿ, ಎಷ್ಟು ರವೆ, ಎಷ್ಟು ತೊಗರಿಬೇಳೆ ಹೊರಗೆ ಬಂತು ಎಂಬುದನ್ನು ತಲೆಗೆ ಮತ್ತು ದಿನಕ್ಕೆ ಭಾಗಿಸಿದರೆ ಸಾಕು. ನಮ್ಮ ಹಾಸ್ಟೆಲಿನಲ್ಲಿ ತಲೆಗೆ ದಿನಕ್ಕೆ ಅಕ್ಕಿ, ರವೆ, ಗೋಧಿ ಎಲ್ಲ ಸೇರಿ 400 ಗ್ರಾಂ ಬಂತು ಎನ್ನೋಣ. ತೊಗರಿಬೇಳೆ ಹೊತ್ತಿಗೆ 3 ಕಿಲೋ, ಅಂದರೆ ತಲೆಗೆ 15 ಗ್ರಾಂ; ಎರಡು ಹೊತ್ತಿಗೆ 30 ಗ್ರಾಂ. ಬೇಳೆಯ ಬೆಲೆ ಏರಿದಾಗ ಮೊದಲು ಕೈ ಬಿಗಿಯಾಗುವುದು ಇಲ್ಲೇ. ಸಾಂಬಾರಿನ ಬಕೆಟ್ಟನ್ನು ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ಗೊತ್ತಾಗಿಬಿಡುತ್ತದೆ: ಮೇಲೆ ಬಣ್ಣದ ನೀರು, ಅಡಿಯಲ್ಲಿ ಹೋಳು. ಕೆಲವು ಕಡೆ ಮಂದವಾಗಿಯೇ ಇರುತ್ತದೆ, ಆದರೆ ಆ ಮಂದ ಬೇಳೆಯದಾಗಿರದೆ ಅಕ್ಕಿಹಿಟ್ಟಿನದೋ ಕಾರ್ನ್‌ಫ್ಲೋರಿನದೋ ಆಗಿರುತ್ತದೆ. ಆರಿದ ಮೇಲೆ ಅದು ಅಂಟಂಟಾಗಿ ಹೊಳೆಯುತ್ತದೆ.

ಇದನ್ನು ಯಾವುದಕ್ಕೆ ಹೋಲಿಸಿ ನೋಡುವುದು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಪರಿಷ್ಕೃತ ಆಹಾರ ಮಾರ್ಗಸೂಚಿ ಹೊರತಂದಿತು. ಅದರಲ್ಲಿ 2000 ಕಿಲೋ ಕ್ಯಾಲೊರಿಯ ಒಂದು ದಿನದ ತಟ್ಟೆಯ ಮಾದರಿ ಇದೆ: ಧಾನ್ಯ ಸುಮಾರು 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ, ಜತೆಗೆ ಒಂದಿಷ್ಟು ಬೀಜ ಮತ್ತು ಎಣ್ಣೆ. ಹಾಸ್ಟೆಲ್ ಹುಡುಗರಿಗೆ 2000 ಸಾಲದಿರಬಹುದು, ಆಟವಾಡುವವರಿಗಂತೂ ಸಾಲದು. ಆದರೆ ಇಲ್ಲಿ ಗಮನಿಸಬೇಕಾದ್ದು ಪ್ರಮಾಣಗಳ ನಡುವಿನ ಸಂಬಂಧ. ಆ ತಟ್ಟೆಯಲ್ಲಿ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆಕಾಳು. ನಮ್ಮ ಮೆಸ್ಸಿನಲ್ಲಿ ಹದಿಮೂರು ಪಾಲಿಗೆ ಒಂದು.

ಪ್ರೋಟೀನಿನ ಲೆಕ್ಕವನ್ನೂ ಮಾಡಿಬಿಡೋಣ. ಅದೇ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸಿನ ಪ್ರಕಾರ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕು. 65 ಕಿಲೋ ತೂಕದ ಹುಡುಗನಿಗೆ 54 ಗ್ರಾಂ. ಮೆಸ್ಸಿನ 400 ಗ್ರಾಂ ಧಾನ್ಯದಿಂದ 30ರ ಆಸುಪಾಸು, 30 ಗ್ರಾಂ ಬೇಳೆಯಿಂದ ಆರೂವರೆ, ಹಾಲು-ಮೊಸರು ಸೇರಿ 150 ಮಿಲಿ ಸಿಕ್ಕರೆ ಐದು, ಪಲ್ಯದಿಂದ ಎರಡು. ಒಟ್ಟು 44. ಕೊರತೆ ಹತ್ತು ಗ್ರಾಂ. ಸಿಕ್ಕಿದ್ದರಲ್ಲೂ ಮುಕ್ಕಾಲು ಪಾಲಿಗೆ ಹತ್ತಿರ ಬರೀ ಅಕ್ಕಿ-ಗೋಧಿಯದು. ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ಅನ್ನಕ್ಕೆ ಹುಳಿ, ರೊಟ್ಟಿಗೆ ಕಾಳುಪಲ್ಯ ಎಂಬ ನಮ್ಮ ಜೋಡಿಗಳು ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಕೊಳ್ಳುವುದು ಹೀಗೆ. ಆದರೆ ತುಂಬಿಕೊಳ್ಳಲು ಹುಳಿಯಲ್ಲಿ ಬೇಳೆ ಇರಬೇಕು.

ಇಷ್ಟಾದರೂ ಹುಡುಗರು ಉಪವಾಸ ಬಿದ್ದಿಲ್ಲ. ಅನ್ನ ಬೇಕಾದಷ್ಟು ಇದೆ, ಹೊಟ್ಟೆ ತುಂಬುತ್ತದೆ. ಹಾಗಾಗಿಯೇ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಹತ್ತಕ್ಕೆ ಗೇಟಿನಾಚೆಯ ಎಗ್ ರೈಸ್ ಗಾಡಿಯ ಮುಂದೆ ನಿಂತವರ ಸಂಖ್ಯೆ ನೋಡಿದರೆ ಒಂದಿಷ್ಟು ಅಂದಾಜು ಸಿಗಬಹುದು, ಅದರಲ್ಲಿ ಅರ್ಧ ನಾಲಿಗೆಯ ಚಪಲ ಎಂದು ಕಳೆದರೂ.

ಹತ್ತು ಗ್ರಾಂ ಎಲ್ಲಿಂದ ತರುವುದು? ಸಮಿತಿಗಳಿಗೆ ಮೊದಲು ನೆನಪಾಗುವುದು ಪನೀರ್. ಆದರೆ ಪನೀರ್ ದುಬಾರಿ, ಮೆಸ್ಸಿನ ಪನೀರ್ ಗ್ರೇವಿಯಲ್ಲಿ ತಲೆಗೆ ಮೂರು ಚೂರು ಬಂದರೆ ಪುಣ್ಯ. ಅದಕ್ಕಿಂತ ಸುಲಭದ ದಾರಿ ಕಾಳು. ಒಣ ಹೆಸರುಕಾಳನ್ನೋ ಅಲಸಂದೆಯನ್ನೋ ತಲೆಗೆ 30 ಗ್ರಾಂ ಹಾಕಿದರೆ ಏಳು ಗ್ರಾಂ ಪ್ರೋಟೀನ್ ಬರುತ್ತದೆ. ಜತೆಗೆ 15 ಗ್ರಾಂ ಶೇಂಗಾದ ಚಟ್ನಿ ಇದ್ದರೆ ಇನ್ನೂ ನಾಲ್ಕು ಬರುವುದರಿಂದ ಕೊರತೆ ಅಲ್ಲಿಗೆ ತುಂಬಿತು.

200 ಜನಕ್ಕೆ 30 ಗ್ರಾಂ ಎಂದರೆ 6 ಕಿಲೋ ಕಾಳು. ಬೆಲೆ ಕಿಲೋಗೆ 110 ರೂಪಾಯಿ ಎಂದು ಹಿಡಿದರೆ 660 ರೂಪಾಯಿ. ಆ ದಿನದ ಎಲೆಕೋಸಿನ ಪಲ್ಯಕ್ಕೆ 16 ಕಿಲೋ ಕೋಸು ಹೋಗುತ್ತಿತ್ತು. ಕಾಳು ಸೇರಿದ ಮೇಲೆ 8 ಕಿಲೋ ಸಾಕು, ಕಿಲೋಗೆ 25ರಂತೆ 200 ರೂಪಾಯಿ ಉಳಿಯಿತು. ನಿವ್ವಳ ಹೆಚ್ಚುವರಿ ಖರ್ಚು 460. ವಾರಕ್ಕೆ ಮೂರು ದಿನ ಕಾಳುಪಲ್ಯ ಕೇಳಿದರೆ 1,380 ರೂಪಾಯಿ. ಈ ದರಗಳು ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತವೆ. ಸಮಿತಿ ತನ್ನೂರಿನ ಮಾರ್ಕೆಟ್ ದರ ಹಾಕಿಕೊಳ್ಳಬೇಕು. ಶೇಂಗಾ ಚಟ್ನಿ ತೆಂಗಿನಕಾಯಿ ಚಟ್ನಿಯ ಜಾಗಕ್ಕೆ ಬರುವುದರಿಂದ ಅದಕ್ಕೆ ಹೆಚ್ಚುವರಿ ಎಂದು ಹಿಡಿಯುವ ಅಗತ್ಯವಿಲ್ಲ. ಈಗಿನ ಕಾಯಿಯ ಬೆಲೆ ಅಂಥದ್ದು.

ಈ 1,380 ರೂಪಾಯಿ ಯಾರ ಜೇಬಿನಿಂದ ಎಂಬ ಪ್ರಶ್ನೆಗೆ ಉತ್ತರ ಕೈ ತೊಳೆಯುವ ಜಾಗದ ಪಕ್ಕದ ಡ್ರಮ್ಮಿನಲ್ಲಿ ಇರುತ್ತದೆ. ತಟ್ಟೆಯಲ್ಲಿ ಬಿಟ್ಟ ಅನ್ನವನ್ನು ಒಂದು ವಾರ ಪ್ರತಿ ಹೊತ್ತು ತೂಗಬೇಕು. ತೂಗುವ ಕೆಲಸ ಸಮಿತಿಯದು, ಅಡುಗೆಯವರದಲ್ಲ. ತಲೆಗೆ 60 ಗ್ರಾಂ ಎಂದು ಬಂದರೆ ಹೊತ್ತಿಗೆ 12 ಕಿಲೋ ಅನ್ನ. ಅದನ್ನು ಅರ್ಧಕ್ಕೆ ಇಳಿಸಿದರೆ 6 ಕಿಲೋ ಅನ್ನ, ಅಂದರೆ ಸುಮಾರು 2 ಕಿಲೋ ಅಕ್ಕಿ ಉಳಿದಂತೆ. ವಾರದ ಹದಿನಾಲ್ಕು ಊಟಕ್ಕೆ 28 ಕಿಲೋ, ಕಿಲೋಗೆ 50 ಎಂದರೆ 1,400 ರೂಪಾಯಿ. ಖರ್ಚಿಗೂ ಉಳಿತಾಯಕ್ಕೂ ಸರಿಹೋಯಿತು.

ಕಾಗದದ ಮೇಲೆ ಸರಿಹೋಯಿತು ಎನ್ನಬೇಕು. ಅನುಭವಸ್ಥ ಗುತ್ತಿಗೆದಾರರು ಇಲ್ಲೊಂದು ಕೊಕ್ಕೆ ಹಿಡಿಯುತ್ತಾರೆ: ‘ಪಲ್ಯ ಚಲೋ ಆದ ದಿನ ಹುಡುಗ್ರು ಅನ್ನ ಜಾಸ್ತಿ ಉಣ್ತಾರ್ರೀ. ಡ್ರಮ್ಮಿನಾಗೆ ಉಳಿಯೋದು ಹೊಟ್ಟಿಗೆ ಹೋಕ್ಕತಿ, ನನಗೇನು ಉಳೀತು?’ ಮಾತು ಸುಳ್ಳಲ್ಲ. ಅನ್ನಕ್ಕೆ ಮಿತಿಯಿಲ್ಲದ ಗುತ್ತಿಗೆಯಲ್ಲಿ ಅಡುಗೆ ರುಚಿಯಾದಷ್ಟೂ ಗುತ್ತಿಗೆದಾರರಿಗೆ ಖರ್ಚು. ಡಿವೈಡಿಂಗ್ ಪದ್ಧತಿಯ ಮೆಸ್ಸುಗಳಲ್ಲಿ ಈ ತಾಪತ್ರಯವಿಲ್ಲ; ತಿಂಗಳ ಖರ್ಚನ್ನು ಉಂಡವರ ತಲೆಗೆ ಹಂಚುವುದರಿಂದ ಹೆಚ್ಚು ಉಂಡರೆ ಬಿಲ್ಲು ಹುಡುಗರಿಗೇ ಬರುತ್ತದೆ. ಗುತ್ತಿಗೆ ಮೆಸ್ಸಿನಲ್ಲಿ ಸಮಿತಿ ಬೇರೊಂದು ಉಳಿತಾಯವನ್ನು ಕೊಡಬೇಕಾಗುತ್ತದೆ, ಅದು ಹಣದ ರೂಪದ್ದಲ್ಲ, ತಲೆಲೆಕ್ಕದ್ದು.

ಮೆಸ್ ನಡೆಸುವವರ ನಿತ್ಯದ ತಲೆನೋವೇ ಇದು. ಶನಿವಾರ ಮಧ್ಯಾಹ್ನ ಎಷ್ಟು ಹುಡುಗರು ಬಸ್ ಹತ್ತಿ ಊರಿಗೆ ಹೋಗುತ್ತಾರೆ, ಎಷ್ಟು ಜನ ಸಿನಿಮಾಕ್ಕೆ ಹೋಗಿ ಹೊರಗೇ ತಿಂದು ಬರುತ್ತಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. 200 ಜನಕ್ಕೆ ಮಾಡಿದರೆ 130 ಜನ ಬರುತ್ತಾರೆ, 140ಕ್ಕೆ ಮಾಡಿದ ದಿನ ಮಳೆ ಬಂದು ಎಲ್ಲರೂ ಒಳಗೇ ಇರುತ್ತಾರೆ. ಅನ್ನ ಕಡಿಮೆ ಬಿದ್ದರೆ ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ಹಂಡೆ ಇಡಬಹುದು, ಚಿತ್ರಾನ್ನ ಕಲಸಬಹುದು. ಕಾಳಿಗೆ ಆ ಸೌಲಭ್ಯವಿಲ್ಲ. ಅದು ಹಿಂದಿನ ರಾತ್ರಿಯೇ ನೀರಿಗೆ ಬೀಳಬೇಕು, ಮೊಳಕೆ ಬರಿಸುವುದಾದರೆ ಇನ್ನೊಂದು ದಿನ ಮುಂಚೆ. ಕಾಳು ಎಂದರೆ ಅಡುಗೆಯವರು ಹಿಂದೇಟು ಹಾಕುವುದಕ್ಕೆ ಬೆಲೆಗಿಂತ ಈ ಅನಿಶ್ಚಿತತೆಯೇ ದೊಡ್ಡ ಕಾರಣ. ಆದ್ದರಿಂದ ‘ನಾಳೆ ಊಟಕ್ಕೆ ಎಷ್ಟು ಜನ’ ಎಂಬ ಸಂಖ್ಯೆಯನ್ನು ಸಮಿತಿ ಹಿಂದಿನ ರಾತ್ರಿ ಎಂಟಕ್ಕೆ ಬರೆದು ಕೊಡುವುದಾದರೆ ಗುತ್ತಿಗೆದಾರರಿಗೆ ಅದು ಅಕ್ಕಿಯ 1,400 ರೂಪಾಯಿಗಿಂತ ಬೆಲೆಬಾಳುವ ವಸ್ತು.

ನೆನೆಸಲು ಮರೆತ ಕಾಳಿಗೆ ಅಡುಗೆಮನೆಯಲ್ಲಿ ಒಂದು ಹಳೇ ಉಪಾಯವಿದೆ, ಅಡುಗೆ ಸೋಡಾ. ಒಂದು ಚಿಟಿಕೆ ಹಾಕಿದರೆ ಗ್ಯಾಸೂ ಉಳಿಯುತ್ತದೆ, ಹೊತ್ತೂ ಉಳಿಯುತ್ತದೆ. ಆದರೆ ಕಾಳಿನಲ್ಲಿರುವ ಥಯಾಮಿನ್ ಎಂಬ ಬಿ ಜೀವಸತ್ವ ಸೋಡಾದ ಕ್ಷಾರಕ್ಕೆ ನಾಶವಾಗುತ್ತದೆ. ಸೋಡಾ ಹೆಚ್ಚಾದ ಕಾಳಿನ ಸಿಪ್ಪೆ ಬಿಟ್ಟುಕೊಂಡು ತೇಲುತ್ತದೆ, ಒಳಗಿನದು ಲೋಳೆ ಲೋಳೆ, ಬಾಯಲ್ಲಿ ಸೋಪಿನ ಒಗರು. ಹಾಗೆ ಕಂಡಾಗ ಜಗಳಕ್ಕೆ ಇಳಿಯುವ ಮೊದಲು ಹಿಂದಿನ ರಾತ್ರಿ ಸಂಖ್ಯೆ ಕೊಟ್ಟಿದ್ದರೇ ಎಂದು ಸಮಿತಿ ತನ್ನನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ವೈವಿಧ್ಯದ ಮಾತು. ‘ನಿಮಗೇನು ಬೇಕು’ ಎಂದು 200 ಹುಡುಗರನ್ನು ಕೇಳಿದರೆ ಗೋಬಿ ಮಂಚೂರಿ, ಫ್ರೈಡ್ ರೈಸ್, ಪೂರಿ ಎಂಬ ಮೂರು ಉತ್ತರಗಳೇ ಸುತ್ತಿ ಸುತ್ತಿ ಬರುತ್ತವೆ. ಮೂರೂ ಮತ್ತೆ ಮೈದಾ, ಅಕ್ಕಿ, ಎಣ್ಣೆ. ಅದರ ಬದಲು ‘ನಿನ್ನೆ ತಟ್ಟೆಯಲ್ಲಿ ಏನು ಬಿಟ್ಟೆ’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ. ನಿಜವಾದ ವೈವಿಧ್ಯ ಅಗ್ಗದಲ್ಲಿ ಸಿಗುವುದು ಕಾಳನ್ನೂ ಧಾನ್ಯವನ್ನೂ ತಿರುಗಿಸುತ್ತ ಹೋಗುವುದರಲ್ಲಿ. ಒಂದು ವಾರ ಹೆಸರುಕಾಳು, ಅಲಸಂದೆ, ಕಡಲೆ. ಮುಂದಿನ ವಾರ ಮಡಕೆಕಾಳು, ಹುರಳಿ, ಬಟಾಣಿ. ಖರ್ಚು ಹೆಚ್ಚೂಕಡಿಮೆ ಅಷ್ಟೇ, ರುಚಿ ಆರು.

ಧಾನ್ಯ ಬದಲಿಸುವುದು ಇಷ್ಟು ಸಲೀಸಲ್ಲ. ಬೀದರಿನ ಹುಡುಗನಿಗೆ ಜೋಳದ ರೊಟ್ಟಿ, ಮಂಡ್ಯದವನಿಗೆ ಮುದ್ದೆ, ಮಂಗಳೂರಿನವನಿಗೆ ಕುಚ್ಚಲಕ್ಕಿ. ಮೂವರನ್ನೂ ಒಂದೇ ಮೆಸ್ಸಿನಲ್ಲಿ ಕೂರಿಸಿದ ಮೇಲೆ ಬಿಳಿ ಅನ್ನ ಎಂಬುದು ಯಾರಿಗೂ ಪ್ರಿಯವಲ್ಲದ, ಯಾರೂ ವಿರೋಧಿಸದ ರಾಜಿಯಾಗಿ ಬಂದು ಕೂತಿರುತ್ತದೆ. ರಾಗಿಯ ಪರವಾಗಿ ಹೇಳಲು ಗಟ್ಟಿ ಕಾರಣವಿದೆ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಮುದ್ದೆ ಆರಿದರೆ ಕೆಟ್ಟಿತು, ನುಂಗಲು ಬಾರದವರು ಅದನ್ನು ಅಗಿದು ಅಗಿದು ತಟ್ಟೆಯಲ್ಲೇ ಬಿಟ್ಟುಹೋಗುತ್ತಾರೆ. ಬೆಳಗಿನ ತಿಂಡಿಗೆ ರಾಗಿ ದೋಸೆ ಅಥವಾ ರಾಗಿ ಅಂಬಲಿ ಇಟ್ಟರೆ ಆ ತಕರಾರು ಕಡಿಮೆ. ಚಪಾತಿ ಕೇಳಿದರೆ ಇನ್ನೊಂದು ಸಂಕಟ: ತಲೆಗೆ ನಾಲ್ಕರಂತೆ 800 ಚಪಾತಿ ಲಟ್ಟಿಸಲು ಕೈ ಎಲ್ಲಿದೆ? ಮಧ್ಯ ಮತ್ತು ಉತ್ತರ ಕರ್ನಾಟಕದ ಊರುಗಳಲ್ಲಿ ಇದಕ್ಕೊಂದು ಸಿದ್ಧ ಪರಿಹಾರವಿದೆ. ಮನೆಯಲ್ಲೇ ರೊಟ್ಟಿ ಬಡಿದು ಲೆಕ್ಕದ ಮೇಲೆ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಖಡಕ್ ರೊಟ್ಟಿಯಾದರೆ ದಿನಗಟ್ಟಲೆ ಇರುತ್ತದೆ, ಉಳಿದದ್ದು ಡ್ರಮ್ಮಿಗೆ ಹೋಗುವುದಿಲ್ಲ. ತಲೆಲೆಕ್ಕ ತಪ್ಪಿದರೂ ನಷ್ಟವಿಲ್ಲದ ಅಡುಗೆ ಮೆಸ್ಸಿನಲ್ಲಿ ಇದೊಂದೇ ಇರಬೇಕು.

ಇಷ್ಟು ತಯಾರಿಯಾದ ಮೇಲೆ ಪತ್ರ ಉದ್ದವಾಗಬೇಕಿಲ್ಲ. ಹೀಗಿರಬಹುದು:

ಮಾನ್ಯ ಮೆಸ್ ಗುತ್ತಿಗೆದಾರರಿಗೆ, ಹಾಸ್ಟೆಲ್ ವಿದ್ಯಾರ್ಥಿ ಸಮಿತಿಯ ನಮಸ್ಕಾರಗಳು.

ಊಟ-ತಿಂಡಿ ಹೊತ್ತಿಗೆ ಸರಿಯಾಗಿ, ಬಿಸಿಯಾಗಿ ಸಿಗುತ್ತಿದೆ. ಸಾರಿನ ಬಗ್ಗೆ ಯಾರ ದೂರೂ ಇಲ್ಲ. ಆದರೆ ವಾರದ ಏಳು ತಿಂಡಿಗಳಲ್ಲಿ ಐದು ಅಕ್ಕಿಯವು, ಬೇಳೆ ತಲೆಗೆ ದಿನಕ್ಕೆ 30 ಗ್ರಾಂ ಮಾತ್ರ ಬೀಳುತ್ತಿದೆ. ಈಗಿನ ದರದೊಳಗೇ ಆಗಬಹುದಾದ ಮೂರು ಬದಲಾವಣೆಗಳನ್ನು ಕೇಳುತ್ತಿದ್ದೇವೆ.

ವಾರಕ್ಕೆ ಮೂರು ದಿನ ಮಧ್ಯಾಹ್ನ ಕಾಳುಪಲ್ಯ ಇರಲಿ. ಒಣಕಾಳು 6 ಕಿಲೋ, ತರಕಾರಿ 8 ಕಿಲೋ. ಕಾಳು ಪ್ರತಿ ಸಲ ಬೇರೆಯದಾಗಲಿ. ವಾರಕ್ಕೆ ಎರಡು ರಾತ್ರಿ ಅನ್ನದ ಜತೆ ತಲೆಗೆ ಎರಡು ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಕೊಡಿ. ರೊಟ್ಟಿ ಹೊರಗಿನಿಂದ ತರಿಸಿದರೆ ನಮ್ಮ ಅಭ್ಯಂತರವಿಲ್ಲ. ಬುಧವಾರದ ಟೊಮೆಟೊ ಬಾತ್ ಬದಲು ರಾಗಿ ದೋಸೆಯನ್ನು ಒಂದು ತಿಂಗಳು ಮಾಡಿ ನೋಡೋಣ.

ನಮ್ಮ ಕಡೆಯಿಂದ: ಮರುದಿನದ ಊಟದ ಸಂಖ್ಯೆಯನ್ನು ಪ್ರತಿ ರಾತ್ರಿ 8ಕ್ಕೆ ಬರೆದು ಕೊಡುತ್ತೇವೆ. ಬರುತ್ತೇನೆಂದು ಹೇಳಿ ಬಾರದವರಿಗೆ ಆ ದಿನದ ರಿಯಾಯಿತಿ ಇರುವುದಿಲ್ಲ. ಬಿಟ್ಟ ಅನ್ನವನ್ನು ನಾವೇ ತೂಗಿ ಬೋರ್ಡಿನ ಮೇಲೆ ಬರೆಯುತ್ತೇವೆ. ಲೆಕ್ಕದ ಹಾಳೆ ಇದರ ಜತೆಗಿದೆ. ತಾವು ಹೇಳಿದ ದಿನ ಕೂತು ಮಾತಾಡಲು ನಾವು ಸಿದ್ಧ.

ಪ್ರತಿ: ವಾರ್ಡನ್ ಅವರಿಗೆ.

ಕೊನೆಯ ಸಾಲು ಬರೀ ಶಿಷ್ಟಾಚಾರದ್ದಲ್ಲ. ಗುತ್ತಿಗೆ ಇರುವುದು ಕಾಲೇಜಿಗೂ ಗುತ್ತಿಗೆದಾರರಿಗೂ ನಡುವೆ. ವಿದ್ಯಾರ್ಥಿ ಸಮಿತಿ ಅದರಲ್ಲಿ ಸಹಿ ಮಾಡಿದ ಪಕ್ಷವಲ್ಲ. ದರದೊಳಗಿನ ಅದಲುಬದಲನ್ನು ಮೇಜಿನ ಮುಂದೆ ಕೂತು ಒಪ್ಪಿಕೊಳ್ಳಬಹುದು. ದರ ಏರಿಸುವ ಯಾವುದೇ ಮಾತು, ಉದಾಹರಣೆಗೆ ದಿನಕ್ಕೊಂದು ಬಾಳೆಹಣ್ಣು, ವಾರ್ಡನ್ ಇರುವ ಸಭೆಯಲ್ಲೇ ಆಗಬೇಕು. ಮೇಲಿನ ಪತ್ರದಲ್ಲಿ ಹಣ್ಣನ್ನು ಬೇಕೆಂದೇ ಬಿಟ್ಟಿದೆ. ಹಣ್ಣು ಬೇಡವೆಂದಲ್ಲ, ಆ ತಟ್ಟೆಯ ಮಾದರಿಯಲ್ಲಿ 100 ಗ್ರಾಂ ಹಣ್ಣು ಇದ್ದೇ ಇದೆ. ಆದರೆ 200 ಬಾಳೆಹಣ್ಣಿನ ಖರ್ಚನ್ನು ಡ್ರಮ್ಮಿನ ಅನ್ನದಿಂದ ತೆಗೆಯಲಾಗದು. ಅಸಾಧ್ಯವಾದ ಒಂದು ಬೇಡಿಕೆ ಪಟ್ಟಿಯಲ್ಲಿದ್ದರೆ ಸಾಧ್ಯವಾದ ಮೂರನ್ನೂ ಅದರ ಜತೆಗೆ ತಳ್ಳಿಹಾಕುವುದು ಸುಲಭ. ತರಕಾರಿಯದೂ ಇದೇ ಕತೆ. 400 ಗ್ರಾಮಿನ ಹತ್ತಿರಕ್ಕೆ ಈ ದರದಲ್ಲಿ ಯಾವ ಮೆಸ್ಸೂ ಹೋಗಲಾರದು.

ಹುಡುಗಿಯರ ಹಾಸ್ಟೆಲಿನ ಸಮಿತಿಯಾದರೆ ಪತ್ರದ ಮೊದಲ ಬೇಡಿಕೆಯೇ ಬೇರೆಯಾಗಬೇಕು. ಪ್ರೋಟೀನ್ ಅವರಿಗೆ ತುಸು ಕಡಿಮೆ ಸಾಕು, 55 ಕಿಲೋ ತೂಕಕ್ಕೆ 46 ಗ್ರಾಂ. ಆದರೆ ಕಬ್ಬಿಣದ ಶಿಫಾರಸು ಗಂಡಸರಿಗೆ ದಿನಕ್ಕೆ 19 ಮಿಲಿಗ್ರಾಂ ಇದ್ದರೆ ಹೆಂಗಸರಿಗೆ 29. ಅಲ್ಲಿ ಕೇಳಬೇಕಾದ್ದು ಸೊಪ್ಪು ಮತ್ತು ಕಾಳು, ಜತೆಗೆ ಪ್ರತಿ ತಟ್ಟೆಗೆ ಒಂದು ಹೋಳು ನಿಂಬೆಹಣ್ಣು. ನಿಂಬೆಯ ಸಿ ಜೀವಸತ್ವ ಸೊಪ್ಪು-ಕಾಳಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ, ಊಟದ ಹಿಂದೆಯೇ ಕುಡಿಯುವ ಟೀ ಅಡ್ಡಗಾಲು ಹಾಕುತ್ತದೆ. ತಿಂಡಿಯ ಜತೆಗೇ ಟೀ ಕೊಡುವ ಮೆಸ್ಸಿನಲ್ಲಿ ಅದನ್ನು ಒಂದು ಗಂಟೆ ಮುಂದೂಡಲು ಕೇಳುವುದಕ್ಕೆ ನಯಾಪೈಸೆ ಖರ್ಚಿಲ್ಲ. ಸೊಪ್ಪಿನ ಖರ್ಚು ಕೊಳ್ಳುವುದರಲ್ಲಿಲ್ಲ, ಬಿಡಿಸಿ ತೊಳೆಯುವುದರಲ್ಲಿದೆ. ಮಣ್ಣು ಹೋಗುವವರೆಗೆ ನಾಲ್ಕು ನೀರು ತೊಳೆಯದಿದ್ದರೆ ಹಲ್ಲಿಗೆ ಮರಳು ಸಿಕ್ಕಿ, ಅಂದಿನಿಂದ ಸೊಪ್ಪು ಎಂದರೆ ಯಾರೂ ಮುಟ್ಟುವುದಿಲ್ಲ. ಪಲ್ಯಕ್ಕಿಂತ ಸೊಪ್ಪಿನ ಹುಳಿ ಮಾಡಿಸುವುದು ವಾಸಿ, ಎಳೆಯ ದಂಟೂ ಬೇಳೆಯ ಜತೆ ಬೆಂದುಹೋಗುತ್ತದೆ.

ಗುತ್ತಿಗೆದಾರರ ಉತ್ತರ ಸಾಮಾನ್ಯವಾಗಿ ಅರ್ಧ ಒಪ್ಪಿಗೆಯದು. ‘ಕಾಳು ಹಾಕಾಕೆ ನಂದೇನೂ ಇಲ್ಲ, ಎಂಟಕ್ಕೆ ಲೆಕ್ಕ ಕೊಡ್ರಿ. ರೊಟ್ಟಿ ವಾರಕ್ಕ ಒಂದು ಸಲ ಮಾಡಾಣ. ರಾಗಿ ದೋಸೆ ಮಾತ್ರ ಆಗಂಗಿಲ್ಲ, 200 ಮಂದಿಗೆ ದೋಸೆ ಹುಯ್ಯೋರು ಯಾರ್ರೀ?’ ಈ ಮೂರನೆಯ ಮಾತು ನ್ಯಾಯವಾದದ್ದು, ಒಂದು ಕಾವಲಿಯ ಮೇಲೆ 400 ದೋಸೆ ಎಂಟೂವರೆಯ ಕ್ಲಾಸಿನೊಳಗೆ ಆಗುವ ಕೆಲಸವಲ್ಲ. ರಾಗಿಯನ್ನು ಇಡ್ಲಿ ಹಿಟ್ಟಿಗೆ ಬೆರೆಸಬಹುದು. ಇಡ್ಲಿ ಒಂದೇ ಸಲಕ್ಕೆ ಹತ್ತಾರು ಬೇಯುತ್ತದೆ. ಪತ್ರ ಬರೆಯುವ ಮೊದಲು ಒಂದು ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆಮನೆಯಲ್ಲಿ ನಿಂತು ನೋಡಿದ ಸಮಿತಿಗೆ ಇದು ಮೊದಲೇ ಹೊಳೆದಿರುತ್ತದೆ.

ಒಪ್ಪಿದ್ದು ನಡೆಯುತ್ತಿದೆಯೇ ಎಂದು ತಿಂಗಳ ಕೊನೆಗೆ ನೋಡಲು ಎರಡು ಅಂಕಿ ಸಾಕು: ದಾಸ್ತಾನಿನಿಂದ ಹೊರಬಂದ ಕಾಳು ಎಷ್ಟು ಕಿಲೋ, ಡ್ರಮ್ಮಿನಲ್ಲಿ ಬಿದ್ದ ಅನ್ನ ಎಷ್ಟು ಕಿಲೋ. ಕಾಳು ವಾರಕ್ಕೆ 18 ಕಿಲೋ ಇರಬೇಕಾದಲ್ಲಿ 10 ಇದ್ದರೆ ಪಲ್ಯದಲ್ಲಿ ಕೋಸೇ ಗೆದ್ದಿದೆ ಎಂದರ್ಥ. ಕಾಳು ಸರಿಯಾಗಿದ್ದೂ ಅನ್ನ ಅಷ್ಟೇ ಬೀಳುತ್ತಿದ್ದರೆ ತಪ್ಪು ಹುಡುಗರ ಕಡೆಯದು, ಆಗ ಕಾಳನ್ನು ಇಳಿಸುವ ಹಕ್ಕು ಗುತ್ತಿಗೆದಾರರಿಗೆ ಬರುತ್ತದೆ. ಈ ಹಾಳೆಗಳನ್ನು ಜೋಪಾನವಾಗಿ ಇಡಬೇಕು. ಬಹಳಷ್ಟು ಟೆಂಡರುಗಳಲ್ಲಿ ‘ಮಧ್ಯಾಹ್ನ: ಅನ್ನ, ಸಾಂಬಾರು, ಪಲ್ಯ, ಮಜ್ಜಿಗೆ’ ಎಂದಷ್ಟೇ ಇರುತ್ತದೆ, ಸಾಂಬಾರಿನಲ್ಲಿ ಬೇಳೆ ಎಷ್ಟಿರಬೇಕೆಂದು ಎಲ್ಲೂ ಬರೆದಿರುವುದಿಲ್ಲ. ಮುಂದಿನ ವರ್ಷದ ಟೆಂಡರ್ ಕರೆಯುವ ಮುಂಚೆ ‘ತಲೆಗೆ ಬೇಳೆ ಇಷ್ಟು ಗ್ರಾಂ, ವಾರಕ್ಕೆ ಒಣಕಾಳು ಇಷ್ಟು ಗ್ರಾಂ’ ಎಂಬ ಎರಡು ಸಾಲನ್ನು ಸೇರಿಸಿ ಎಂದು ವಾರ್ಡನ್ ಅವರನ್ನು ಕೇಳಲು ಸಮಿತಿಯ ಕೈಯಲ್ಲಿ ಆಗ ವರ್ಷದ ಅಂಕಿ ಇರುತ್ತದೆ. ಹೊಸಬರು ದರ ಕೂಗುವಾಗ ಆ ಗ್ರಾಮುಗಳನ್ನು ಸೇರಿಸಿಯೇ ಕೂಗುತ್ತಾರೆ.